ಓಟದ ಲೆಕ್ಕದಲ್ಲಿ ಗಾಳಿಯ ಪಾಲು

ನಮ್ಮ ಶಾಲೆಯ ಸಭಾಮಂದಿರದ ಪಡುವಣ ಗೋಡೆಯಲ್ಲಿ ತೂಗುತ್ತಿರುವ ಮರದ ಹಲಗೆಯನ್ನು ಹಳೆಯ ವಿದ್ಯಾರ್ಥಿನಿಯರು ಮರೆತಿರಲಾರರು. ಓಟ ಜಿಗಿತಗಳಲ್ಲಿ ಎಲ್ಲರನ್ನೂ ಮೀರಿದವಳ ಹೆಸರೂ ಅವಳ ಅಳತೆಯೂ ಅದರ ಮೇಲೆ ಬಿಳಿಯ ಬಣ್ಣದಲ್ಲಿ ಬರೆಯಲ್ಪಟ್ಟಿವೆ. ಕಳೆದ ವರ್ಷ ಈ ಹಲಗೆಯ ವಿಷಯವಾಗಿ ಒಂದು ವಾದವು ಹುಟ್ಟಿತು. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಬೆಂಗಳೂರಿನಲ್ಲಿ ನಡೆದ ಕೂಟವೊಂದರಲ್ಲಿ ನೂರು ಮೀಟರನ್ನು 13.14 ಸೆಕೆಂಡುಗಳಲ್ಲಿ ಓಡಿ ಬಂದಳು. ಹಲಗೆಯಲ್ಲಿದ್ದದ್ದು 13.2. ಹೊಸ ಹೆಸರನ್ನು ಬರೆಯಿಸಲು ಬಣ್ಣಗಾರನಿಗೆ ಹೇಳಿಕಳುಹಿಸಿದ್ದೆವು. ಅಷ್ಟರಲ್ಲಿ ಹಳೆಯ ಹೆಸರಿನವಳಿಂದ ಒಂದು ಕಾಗದವು ಬಂತು. ಈಗ ಆಕೆಯ ಮಗಳೂ ನಮ್ಮಲ್ಲಿಯೇ ಕಲಿಯುತ್ತಾಳೆ. “ಟೀಚರೇ, ನನಗೆ ಹೆಸರಿನ ಆಸೆ ಇಲ್ಲ. ಆದರೆ ನಾನು ಓಡಿದ್ದು ಮಧ್ಯಾಹ್ನದ ಮೇಲೆ, ಕಡಲ ಗಾಳಿಗೆ ಎದುರಾಗಿ. ಆ ಮಗು ಓಡಿದ್ದು ಎತ್ತರದ ಊರಿನಲ್ಲಿ, ಗಾಳಿಯನ್ನು ಬೆನ್ನಿಗೆ ಮಾಡಿಕೊಂಡು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬಹುದೋ?” ಎಂದು ಬರೆದಿದ್ದಳು.

ಈ ಪ್ರಶ್ನೆಯು ನ್ಯಾಯವಾದದ್ದೆಂದು ನಮಗೆ ತೋರಿತು. ಬಣ್ಣಗಾರನನ್ನು ನಿಲ್ಲಿಸಿ, ಗಣಿತದ ಟೀಚರನ್ನು ಜೊತೆಗೆ ಕೂಡ್ರಿಸಿಕೊಂಡು, ಇದನ್ನು ತಿಳಿದವರು ಹೇಗೆ ಲೆಕ್ಕಹಾಕುವರೆಂದು ನೋಡಿದೆವು. ನಾವು ಕಂಡುಕೊಂಡದ್ದನ್ನು ಇಲ್ಲಿ ತಿಳಿಸುತ್ತೇವೆ.

ಓಡುವವಳು ತನ್ನ ಮುಂದಿರುವ ಗಾಳಿಯನ್ನು ತಳ್ಳಿಕೊಂಡೇ ಹೋಗಬೇಕಷ್ಟೆ. ಈ ಗಾಳಿಯ ತಡೆಯು ವೇಗದ ಪ್ರಕಾರ ಹೆಚ್ಚುವದಿಲ್ಲ, ವೇಗದ ವರ್ಗದ ಪ್ರಕಾರ ಹೆಚ್ಚುತ್ತದೆ. ಸೆಕೆಂಡಿಗೆ 10 ಮೀಟರು ಓಡುವವಳಿಗೆ ನಿಶ್ಚಲವಾದ ಗಾಳಿಯಲ್ಲಿ ತಡೆಯು ಹತ್ತು ಹತ್ತಲೆ ನೂರು ಎಂದಿಟ್ಟುಕೊಳ್ಳೋಣ. ಬೆನ್ನ ಹಿಂದಿನಿಂದ ಸೆಕೆಂಡಿಗೆ 2 ಮೀಟರಿನ ಗಾಳಿ ಬೀಸಿದರೆ ಅವಳಿಗೆ ತಗಲುವ ಗಾಳಿಯ ವೇಗವು 8 ಆಗಿ, ತಡೆಯು 64ಕ್ಕೆ ಇಳಿಯುವದು. ಅದೇ ಗಾಳಿ ಎದುರಿನಿಂದ ಬೀಸಿದರೆ ವೇಗವು 12 ಆಗಿ, ತಡೆಯು 144ಕ್ಕೆ ಏರುವದು. ಉಳಿತಾಯವು 36, ನಷ್ಟವು 44. ಆದದರಿಂದ ಎದುರುಗಾಳಿಯು ಕೆಡಿಸುವಷ್ಟನ್ನು ಅಷ್ಟೇ ಬಲವಾದ ಹಿಂಗಾಳಿಯು ಕೊಡಲಾರದು. ಮೊದಲು ಗಾಳಿಗೆ ಎದುರಾಗಿ, ಬಳಿಕ ಗಾಳಿಯ ಜೊತೆಗೆ ಓಡಿ, ಎರಡು ಹೊತ್ತುಗಳ ಸರಾಸರಿ ತೆಗೆದರೆ ಗಾಳಿಯು ಕಳೆದುಹೋಗುವದೆಂದು ನಾವು ಮೊದಲು ಎಣಿಸಿದ್ದೆವು. ಅದು ತಪ್ಪೆಂದು ಈ ಲೆಕ್ಕದಿಂದಲೇ ತಿಳಿಯಿತು.

ದೊಡ್ಡ ಕೂಟಗಳಲ್ಲಿ ಗಾಳಿಯನ್ನು ಅಳೆಯಲು ಒಂದು ಯಂತ್ರವನ್ನು ಇಡುತ್ತಾರೆ. ನೂರು ಮೀಟರು ಓಟಕ್ಕೆ ಅದು ಮುಕ್ತಾಯದ ಗೆರೆಯಿಂದ 50 ಮೀಟರು ದೂರದಲ್ಲಿ, ನೆಲದಿಂದ 1.22 ಮೀಟರು ಎತ್ತರದಲ್ಲಿ, ಓಟದ ದಾರಿಯ ಬದಿಯಲ್ಲಿರಬೇಕು. ಬಂದೂಕಿನ ಸದ್ದಾದಲಾಗಾಯ್ತು 10 ಸೆಕೆಂಡುಗಳ ಗಾಳಿಯ ಸರಾಸರಿಯನ್ನು ಅದು ತೋರಿಸುವದು. ಹಿಂಗಾಳಿಯು ಸೆಕೆಂಡಿಗೆ 2.0 ಮೀಟರನ್ನು ಮೀರಿದರೆ ಆ ಓಟವನ್ನು ದಾಖಲೆಯಾಗಿ ಎಣಿಸರು. ಆದರೆ ಗೆದ್ದವಳ ಗೆಲವು ಗೆಲವೇ, ಯಾಕಂದರೆ ಅದೇ ಗಾಳಿಯು ಎಲ್ಲರ ಬೆನ್ನಿಗೂ ಬೀಸಿತ್ತು. ತೊಡಕಿರುವದು ಒಂದು ಕೂಟವನ್ನು ಇನ್ನೊಂದು ಕೂಟದೊಂದಿಗೆ ಹೋಲಿಸುವಾಗಲೇ. 1.9ರ ಗಾಳಿಯೂ 0.0ಯೂ ಕಾನೂನಿನ ಕಣ್ಣಿಗೆ ಒಂದೇ, ಗಡಿಯಾರಕ್ಕೆ ಒಂದಲ್ಲ. ಜಗತ್ತಿನ ಮುಂದಾಳು ಓಟಗಾರ್ತಿಯರಿಗೆ 2 ಮೀಟರಿನ ಹಿಂಗಾಳಿಯು ನೂರು ಮೀಟರಿನಲ್ಲಿ ಸುಮಾರು 0.12 ಸೆಕೆಂಡನ್ನೂ, ಗಂಡಸರಿಗೆ ಸುಮಾರು 0.10 ಸೆಕೆಂಡನ್ನೂ ಉಳಿಸಿಕೊಡುವದು.

ಮುರೇಕಾ ಎಂಬ ಭೌತಶಾಸ್ತ್ರಜ್ಞರು ಈ ತಿದ್ದುಪಡಿಗೆ ಒಂದು ಸುಲಭ ಸೂತ್ರವನ್ನು ಮಾಡಿಕೊಟ್ಟಿದ್ದಾರೆ. ಅದನ್ನು ಮಾತಿನಲ್ಲಿಯೇ ಹೇಳಬಹುದು. ಗಾಳಿಯ ವೇಗವನ್ನು ಓಟದ ಸೆಕೆಂಡುಗಳಿಂದ ಗುಣಿಸಿ ನೂರರಿಂದ ಭಾಗಿಸಿರಿ. ಬಂದದ್ದನ್ನು ಒಂದರಿಂದ ಕಳೆಯಿರಿ. ಎದುರುಗಾಳಿಯಾದರೆ ಒಂದಕ್ಕೆ ಕೂಡಿಸಿರಿ. ಅದನ್ನು ವರ್ಗಮಾಡಿ 0.03ರಿಂದ ಗುಣಿಸಿರಿ. ಈ ಮೊತ್ತವನ್ನು 1.03ರಿಂದ ಕಳೆದು, ಉಳಿದದ್ದರಿಂದ ಓಟದ ಹೊತ್ತನ್ನು ಗುಣಿಸಿದರೆ, ಗಾಳಿಯಿಲ್ಲದ ದಿನ ಸಮುದ್ರಮಟ್ಟದಲ್ಲಿ ಆಗುತ್ತಿದ್ದ ಹೊತ್ತು ಸಿಕ್ಕುವದು. ಊರು ಎತ್ತರದಲ್ಲಿದ್ದರೆ, 1.03ರಿಂದ ಕಳೆಯುವ ಮುಂಚೆ, ಆ ಮೊತ್ತವನ್ನು ಗಾಳಿಯು ತೆಳುವಾದಷ್ಟು ಕುಗ್ಗಿಸಬೇಕು. ಬೆಂಗಳೂರಿನ 920 ಮೀಟರು ಎತ್ತರಕ್ಕೆ 0.89ರಿಂದಲೂ, ಮೆಕ್ಸಿಕೋ ನಗರದ 2240 ಮೀಟರಿಗೆ 0.76ರಿಂದಲೂ ಗುಣಿಸಿದರೆ ಸಾಕು.

ಇದನ್ನು ಪರೀಕ್ಷಿಸಲು ಜಮೈಕದ ಎಲೇನ್ ಥಾಂಪ್ಸನ್-ಹೆರಾ ಎಂಬಾಕೆಯ ಎರಡು ಓಟಗಳನ್ನು ಆರಿಸಿಕೊಂಡೆವು. 2021ರಲ್ಲಿ ಟೋಕಿಯೋದ ಒಲಿಂಪಿಕ್ ಕೂಟದಲ್ಲಿ ಆಕೆ 10.61 ಸೆಕೆಂಡುಗಳಲ್ಲಿ ಗೆದ್ದಳು. ಗಾಳಿಯು ಎದುರಿನಿಂದ 0.6. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಅಮೇರಿಕದ ಯೂಜೀನ್ ಎಂಬಲ್ಲಿ 10.54, ಗಾಳಿಯು ಹಿಂದಿನಿಂದ 0.9. ಯಾರನ್ನು ಕೇಳಿದರೂ ಎರಡನೆಯದೇ ಮೇಲೆಂದಾರು. ಈಗ ಲೆಕ್ಕ ನೋಡಿರಿ. 0.9ನ್ನು 10.54ರಿಂದ ಗುಣಿಸಿ ನೂರರಿಂದ ಭಾಗಿಸಿದರೆ 0.095. ಒಂದರಿಂದ ಕಳೆದರೆ 0.905, ಅದರ ವರ್ಗ 0.819, 0.03ರಿಂದ ಗುಣಿಸಿದರೆ 0.0246, 1.03ರಿಂದ ಕಳೆದರೆ 1.0054. ಇದರಿಂದ 10.54ನ್ನು ಗುಣಿಸಿದಾಗ 10.60 ಬರುವದು. ಟೋಕಿಯೋದ 10.61 ಇದೇ ರೀತಿಯಾಗಿ 10.57 ಆಗುವದು. ಹಾಗಾದರೆ ನಿಧಾನವೆಂದು ತೋರಿದ ಓಟವೇ ಕೊಂಚ ಮೇಲಾದ ಓಟ!

ಈ ಲೆಕ್ಕದ ಇನ್ನೊಂದು ಪ್ರಯೋಜನವು ನಮಗೆ ಹೆಚ್ಚು ಆಶ್ಚರ್ಯವನ್ನುಂಟುಮಾಡಿತು. ಯಂತ್ರವೇ ತಪ್ಪಿದ್ದರೆ ಇದು ಕಂಡುಹಿಡಿಯಬಲ್ಲದು. ಹೆಂಗಸರ ನೂರು ಮೀಟರಿನ ಜಾಗತಿಕ ದಾಖಲೆಯು ಫ್ಲಾರೆನ್ಸ್ ಗ್ರಿಫಿತ್-ಜಾಯ್ನರ್ ಎಂಬಾಕೆ 1988ರ ಜುಲೈ 16ರಂದು ಇಂಡಿಯಾನಾಪೊಲಿಸ್ ನಗರದಲ್ಲಿ ಓಡಿದ 10.49. ಅದಕ್ಕೆ ಮುಂಚಿನ ದಾಖಲೆಯು 10.76. ಆ ಓಟದಲ್ಲಿ ಯಂತ್ರವು 0.0 ಎಂದು ತೋರಿಸಿತು, ಅಂದರೆ ಗಾಳಿಯೇ ಇಲ್ಲ. ಆದರೆ ಅದೇ ಹೊತ್ತಿನಲ್ಲಿ ಪಕ್ಕದಲ್ಲಿ ನಡೆಯುತ್ತಿದ್ದ ಮೂರು ಜಿಗಿತದ ಯಂತ್ರವು 4.3 ಮೀಟರಿನ ಗಾಳಿಯನ್ನು ತೋರಿಸುತ್ತಿತ್ತು. ಆಕೆಯ ಇತರ ಓಟಗಳನ್ನು ಸೂತ್ರಕ್ಕೆ ಹಾಕಿದೆವು. ಅದೇ ದಿನದ ಮೊದಲ ಸುತ್ತಿನ 10.60, 3.2ರ ಗಾಳಿಯನ್ನು ತೆಗೆದರೆ, 10.78. ಮರುದಿನ ಅಂತಿಮ ಓಟದ 10.61, 1.2ರ ಗಾಳಿಯನ್ನು ತೆಗೆದರೆ, 10.69. ಆ ವರ್ಷವೇ ಸೋಲ್ ನಗರದ ಒಲಿಂಪಿಕ್ ಕೂಟದ 10.62 ಮತ್ತು 10.54 ಎಂಬವು 1.0 ಮತ್ತು 3.0ರ ಗಾಳಿಯನ್ನು ತೆಗೆದಾಗ 10.68, 10.71. ಇವೆಲ್ಲವೂ ಒಂದೇ ಮನೆಯ ಮಕ್ಕಳಂತೆ ಒತ್ತಾಗಿ ನಿಂತಿವೆ. 10.49 ಒಂದು ಮಾತ್ರ ದೂರದಲ್ಲಿದೆ. ಆ ಓಟದಲ್ಲಿ ನಿಜವಾಗಿ 5 ಮೀಟರಿನ ಗಾಳಿ ಇತ್ತೆಂದು ಊಹಿಸಿದರೆ ಅದು 10.73 ಆಗಿ, ತನ್ನ ಒಡಹುಟ್ಟುಗಳ ನಡುವೆ ಬಂದು ಕೂರುವದು. ಲಿಂಥಾರ್ನ್ ಎಂಬ ಶಾಸ್ತ್ರಜ್ಞರು 1995ರಲ್ಲಿ ಇದನ್ನು ಕೂಲಂಕಷವಾಗಿ ಪರಿಶೀಲಿಸಿ, ಗಾಳಿಯು 5ರಿಂದ 7 ಮೀಟರಿನ ಮಧ್ಯೆ ಇದ್ದಿರಬೇಕೆಂದು ಹೇಳಿದರು. ದಾಖಲೆಯು ಮಾತ್ರ ಪುಸ್ತಕದಲ್ಲಿ ಹಾಗೆಯೇ ಉಳಿದಿದೆ. ಇದರಿಂದ ಆಕೆಯ ಘನತೆಗೆ ಕುಂದೆಂದು ನಾವು ಎಣಿಸುವದಿಲ್ಲ. ಸೋಲ್‌ನ ನೂರು ಮೀಟರಿನಲ್ಲಿ ಆಕೆಯನ್ನು ಹಿಂದಿಕ್ಕಿದವರು ಒಬ್ಬರೂ ಇರಲಿಲ್ಲ.

ಎತ್ತರದ ಊರಿನ ಸಂಗತಿಯೂ ಇಷ್ಟೇ. 1968ರಲ್ಲಿ ಮೆಕ್ಸಿಕೋ ನಗರದಲ್ಲಿ ವೈಯೋಮಿಯಾ ಟೈಯಸ್ ಎಂಬಾಕೆ 11.08ರಲ್ಲಿ ಗೆದ್ದಾಗ ಗಾಳಿಯು ಹಿಂದಿನಿಂದ 1.2. ಸಮುದ್ರಮಟ್ಟಕ್ಕೆ ತಂದರೆ ಅದು 11.22. ಆ 14 ಶತಾಂಶಗಳಲ್ಲಿ ಎಂಟು ಗಾಳಿಯವು, ಆರು ತೆಳುವಾದ ಹವೆಯವು. ಉಸಿರು ಹಿಡಿದು ದೂರ ಓಡುವವರಿಗೆ ಅಂಥ ಊರು ಶತ್ರು. ಹನ್ನೊಂದು ಸೆಕೆಂಡಿನಲ್ಲಿ ಓಟ ಮುಗಿಸುವವಳಿಗೆ ಮಾತ್ರ ಲಾಭ.

ಉದ್ದ ಜಿಗಿತಕ್ಕೆ ಇಂಥ ಸೂತ್ರವನ್ನು ನಂಬಲು ನಾವು ಹಿಂಜರಿಯುತ್ತೇವೆ. ಜಿಗಿಯುವವಳು ಆಕಾಶದಲ್ಲಿರುವದು ಒಂದು ಸೆಕೆಂಡಿಗಿಂತ ಕಡಿಮೆ. ಗಾಳಿಯ ಸಹಾಯವು ಹೆಚ್ಚಾಗಿ ಒದಗುವದು ಅದಕ್ಕೆ ಮುಂಚಿನ ಓಟದಲ್ಲಿ. ಆದರೆ ಅದೇ ಸಹಾಯವು ಹೆಜ್ಜೆಗಳನ್ನು ಉದ್ದಮಾಡಿ, ಕಾಲು ಹಲಗೆಯನ್ನು ದಾಟುವ ಹಾಗೆ ಮಾಡುವದು. ಬೀಸಿ ನಿಲ್ಲುವ ಗಾಳಿಯಲ್ಲಂತೂ ಹೆಜ್ಜೆಯ ಲೆಕ್ಕವೇ ಕೆಡುವದು. 1991ರಲ್ಲಿ ಟೋಕಿಯೋದಲ್ಲಿ ಒಂದೇ ಸಂಜೆ ಕಾರ್ಲ್ ಲೂಯಿಸ್ 2.9ರ ಗಾಳಿಯಲ್ಲಿ 8.91 ಮೀಟರು ಜಿಗಿದನು, ಗಾಳಿಯು 0.2ರಷ್ಟು ಎದುರಾಗಿದ್ದಾಗಲೂ 8.87 ಜಿಗಿದನು. ಮೈಕ್ ಪವೆಲ್ ಎಂಬವನು 0.3ರ ಗಾಳಿಯಲ್ಲಿ 8.95 ಜಿಗಿದು ಗೆದ್ದನು. ಲೂಯಿಸನ ಆ ನಾಲ್ಕು ಸೆಂಟಿಮೀಟರುಗಳಲ್ಲಿ ಗಾಳಿಯದೆಷ್ಟು, ಕಾಲಿಟ್ಟ ಜಾಗದ್ದೆಷ್ಟು ಎಂದು ಯಾರು ಬೇರ್ಪಡಿಸಿಯಾರು?

ಈಗ ನಮ್ಮ ಹಲಗೆಗೆ ಬರುವೆವು. ಬೆಂಗಳೂರಿನ ಫಲಿತಾಂಶದ ಹಾಳೆಯಲ್ಲಿ ಗಾಳಿಯು ಹಿಂದಿನಿಂದ 1.6 ಎಂದು ಬರೆದಿತ್ತು. ಊರಿನ ಎತ್ತರವನ್ನೂ ಸೇರಿಸಿ ತಿದ್ದಿದಾಗ 13.14 ಎಂಬದು ಸುಮಾರು 13.32 ಆಯಿತು. ಹಳೆಯ 13.2 ಇದಕ್ಕಿಂತ ಮೇಲೆಂದು ಗಣಿತದ ಟೀಚರು ಬರೆಯಹೊರಟಾಗ ನಮಗೆ ಒಂದು ಸಂಗತಿಯು ನೆನಪಾಯಿತು. ಬೆಂಗಳೂರಿನದು ವಿದ್ಯುತ್ತಿನ ಗಡಿಯಾರ, ನಮ್ಮದು ಕೈಗಡಿಯಾರ. ಬಂದೂಕಿನ ಸದ್ದು ಕೇಳಿ ಬೆರಳು ಒತ್ತುವಷ್ಟರಲ್ಲಿ ಕಾಲವು ಕಳೆಯುವದರಿಂದ, ನೂರು ಮೀಟರಿನ ಕೈಗಡಿಯಾರದ ಹೊತ್ತಿಗೆ 0.24 ಸೆಕೆಂಡು ಕೂಡಿಸುವ ರೂಢಿಯುಂಟು. ಗಾಳಿಯ ತಿದ್ದುಪಡಿಗಿಂತ ಬೆರಳಿನ ತಿದ್ದುಪಡಿಯೇ ದೊಡ್ಡದು! ಹಾಗೆ ಹಳೆಯದು 13.44 ಆಯಿತು.

ಅದರ ಮೇಲೆ ಕಡಲ ಗಾಳಿ. ಅದು ಸೆಕೆಂಡಿಗೆ ಒಂದು ಮೀಟರು ಇದ್ದಿದ್ದರೆ 13.44 ಎಂಬದು 13.32ಕ್ಕೆ ಇಳಿದು, ಇಬ್ಬರೂ ಸರಿಸಮಾನರು. ಎರಡು ಮೀಟರು ಇದ್ದಿದ್ದರೆ 13.19, ಹಳೆಯವಳೇ ಮುಂದೆ. ಒಂದು ಮೀಟರಿನ ಗಾಳಿಯೆಂದರೆ ಹೊಗೆಯು ಓರೆಯಾಗುವಷ್ಟು ಮಾತ್ರ. ಎರಡು ಮೀಟರಿನದು ಮುಖಕ್ಕೆ ತಿಳಿಯುವದು, ಎಲೆಗಳು ಸದ್ದುಮಾಡುವವು. ಆ ದಿನ ತೋರಣದ ಕಾಗದಗಳು ತನ್ನ ಮುಖದ ಕಡೆಗೆ ಹಾರುತ್ತಿದ್ದವೆಂದು ಆಕೆಯು ಬರೆದಿದ್ದಾಳೆ. ಆಕೆಯ ಮಾತನ್ನು ನಾವು ನಂಬುತ್ತೇವೆ. ಆದರೆ ತೋರಣದ ನೆನಪಿನಿಂದ ಮೀಟರುಗಳನ್ನು ಎಣಿಸಲಾಗದು. ಸೂತ್ರವು ಕೂಡ ಜಗತ್ತಿನ ಅತಿವೇಗದ ಓಟಗಾರರಿಗಾಗಿ ಹೊಂದಿಸಿದ್ದು. ಹದಿಮೂರು ಸೆಕೆಂಡಿನ ಶಾಲಾಬಾಲಕಿಯ ವಿಷಯದಲ್ಲಿ ಕೊನೆಯ ಅಂಕೆಯವರೆಗೆ ಅದನ್ನು ಹಿಡಿಯಬಾರದು.

ಆದಕಾರಣ ಹಳೆಯ ಹೆಸರನ್ನು ಅಳಿಸದೆ, ಅದರ ಕೆಳಗೆ ಹೊಸ ಹೆಸರನ್ನು ಬರೆಯಿಸಿದೆವು. ಬಣ್ಣಗಾರನು ಬಲಗಡೆಯಲ್ಲಿ ಇನ್ನೆರಡು ಗೆರೆಗಳನ್ನೆಳೆದು ಗಡಿಯಾರಕ್ಕೊಂದು, ಗಾಳಿಗೊಂದು ಮನೆಯನ್ನು ಮಾಡಿದ್ದಾನೆ. ಹೊಸ ಹೆಸರಿನ ಮುಂದೆ ‘ವಿದ್ಯುತ್ತು, 1.6’ ಎಂದಿದೆ. ಹಳೆಯ ಹೆಸರಿನ ಮುಂದೆ ‘ಕೈ’ ಎಂದು ಬರೆದು, ಗಾಳಿಯ ಮನೆಯನ್ನು ಬರಿದಾಗಿ ಬಿಟ್ಟಿದ್ದೇವೆ.