ಒಂದೇ ಬೀಜ, ಮೂರು ಅಸಲು

2025ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಪೇಟೆಯಲ್ಲಿ ಅರೇಬಿಕಾ ಕಾಫಿ ಪೌಂಡಿಗೆ 4 ಡಾಲರ್ ದಾಟಿತು. ಅಷ್ಟು ಏರಿದ್ದು ಅದೇ ಮೊದಲು. ಅದರ ಹಿಂದಿನ ವರ್ಷವಿಡೀ ರೋಬಸ್ಟಾ ದರವೂ ಮೇಲಕ್ಕೇ ಹೋಗುತ್ತಿತ್ತು. ತೋಟದವರಿಗೆ ಸುಗ್ಗಿ. ಬೀಜ ಕೊಂಡು, ಹುರಿದು, ಪುಡಿ ಮಾಡಿ ಮಾರುವ ಕಾಫಿ ವರ್ಕ್ಸ್‌ಗಳಿಗೆ ಮಾತ್ರ ಅದೊಂದು ವಿಚಿತ್ರ ಕಾಲ. ತಿಂಗಳ ಲೆಕ್ಕ ನೋಡಿದರೆ ಲಾಭ ಕಾಣುತ್ತದೆ, ಮುಂದಿನ ಲೋಡಿಗೆ ದುಡ್ಡು ಸಾಲುವುದಿಲ್ಲ. ಇದಕ್ಕೆ ಕಳ್ಳತನವಾಗಲಿ ದುಂದುಗಾರಿಕೆಯಾಗಲಿ ಕಾರಣವಾಗಿರಬೇಕಿಲ್ಲ. ಗೋದಾಮಿನಿಂದ ಹುರಿಯಲು ಕೊಟ್ಟ ಬೀಜಕ್ಕೆ ಯಾವ ದರ ಕಟ್ಟಿದರು ಎಂಬುದರಲ್ಲೇ ಉತ್ತರದ ಬಹುಪಾಲು ಇರುತ್ತದೆ.

ಪ್ರಶ್ನೆ ಹುಟ್ಟುವುದು ಹೀಗೆ. ಒಂದೇ ಜಾತಿಯ, ಒಂದೇ ದರ್ಜೆಯ ಬೀಜವನ್ನು ಮೂರು ಸಲ ಮೂರು ದರಕ್ಕೆ ಕೊಂಡಿದ್ದೀರಿ. ಚೀಲಗಳೆಲ್ಲ ಒಂದೇ ಗೋದಾಮಿನಲ್ಲಿವೆ. ಇವತ್ತು ರೋಸ್ಟರ್‌ಗೆ 250 ಕೆಜಿ ಹೋಯಿತು. ಅದು ಎಷ್ಟು ರೂಪಾಯಿಯ ಮಾಲು? ಚೀಲದ ಮೇಲೆ ದರ ಬರೆದಿರುವುದಿಲ್ಲ. ಸ್ಟೋರ್ಸ್ ಲೆಡ್ಜರ್ ಬರೆಯುವವರು ಯಾವುದಾದರೂ ಒಂದು ಕ್ರಮ ಹಿಡಿದು ಬೆಲೆ ಹಾಕಲೇಬೇಕು. ಬಳಕೆಯಲ್ಲಿರುವ ಮುಖ್ಯ ಕ್ರಮಗಳು ಮೂರು. ಮೊದಲು ಬಂದ ದರವನ್ನು ಮೊದಲು ಖರ್ಚು ಹಾಕುವುದು ಫೈಫೋ. ಕೊನೆಗೆ ಬಂದ ದರವನ್ನು ಮೊದಲು ಖರ್ಚು ಹಾಕುವುದು ಲೈಫೋ. ಇರುವ ಮಾಲಿನ ಒಟ್ಟು ಮೊತ್ತವನ್ನು ಒಟ್ಟು ತೂಕದಿಂದ ಭಾಗಿಸಿ ಬಂದ ದರ ಹಾಕುವುದು ವೆಯ್ಟೆಡ್ ಆವರೇಜ್, ಅಂದರೆ ತೂಕದ ಸರಾಸರಿ.

ಇಲ್ಲಿ ಬಹಳ ಜನ ಎಡವುತ್ತಾರೆ. ಲೈಫೋ ಎಂದರೆ ಹೊಸ ಚೀಲ ಮೊದಲು ಬಿಚ್ಚಬೇಕು ಎಂದಲ್ಲ. ಮಳೆಗಾಲದ ತೇವಕ್ಕೆ ಹಳೆಯ ಬೀಜ ಬಣ್ಣಗೆಡುತ್ತದೆ, ಆದ್ದರಿಂದ ಗೋದಾಮಿನಲ್ಲಿ ಹಳೆಯ ಚೀಲವೇ ಮೊದಲು ಹೊರಗೆ ಹೋಗಬೇಕು, ಲೆಕ್ಕದ ಪದ್ಧತಿ ಯಾವುದೇ ಇರಲಿ. ಮೂರೂ ಪದ್ಧತಿಗಳು ಕ್ರಮ ಹೇಳುವುದು ದರಕ್ಕೆ, ಚೀಲಕ್ಕಲ್ಲ.

ಒಂದು ಸಣ್ಣ ಕಾಫಿ ವರ್ಕ್ಸ್‌ನ ಒಂದು ತಿಂಗಳನ್ನು ನೋಡೋಣ. ಅಂಕಿಗಳು ಲೆಕ್ಕಕ್ಕೆಂದು ನಾನೇ ಇಟ್ಟುಕೊಂಡವು. ತಿಂಗಳ ಮೊದಲ ದಿನ ಕೈಯಲ್ಲಿ 200 ಕೆಜಿ ಬೀಜವಿದೆ, ಕೊಂಡದ್ದು ಕೆಜಿಗೆ 300 ರೂಪಾಯಿಯಂತೆ. 10ನೇ ತಾರೀಕು 340ರ ದರದಲ್ಲಿ ಇನ್ನೂ 200 ಕೆಜಿ ಬಂತು. 15ಕ್ಕೆ 250 ಕೆಜಿ ಹುರಿಯಲು ಹೋಯಿತು. 20ಕ್ಕೆ ಮತ್ತೆ 250 ಕೆಜಿ ಖರೀದಿ, ಈ ಸಲ 400 ರೂಪಾಯಿ. 28ಕ್ಕೆ ಇನ್ನೊಂದು 250 ಕೆಜಿ ಹುರಿಯಲು ಹೋಯಿತು. ಲಾರಿ ಬಾಡಿಗೆ, ಹಮಾಲಿ ಎಲ್ಲ ಈ ದರದಲ್ಲೇ ಸೇರಿದೆ ಎಂದುಕೊಳ್ಳಿ. ಸೇರಿಸಲೇಬೇಕು, ಏಕೆಂದರೆ ಗೋದಾಮಿಗೆ ಬಂದು ಬೀಳುವವರೆಗಿನ ಖರ್ಚೆಲ್ಲ ಮಾಲಿನ ಬೆಲೆಯೇ.

15ನೇ ತಾರೀಕಿನ 250 ಕೆಜಿಯನ್ನು ಹತ್ತಿರದಿಂದ ನೋಡಿ. ಫೈಫೋ ಹಿಡಿದವರು 300ರ 200 ಕೆಜಿಯನ್ನು ಮೊದಲು ಮುಗಿಸಿ, ಉಳಿದ 50 ಕೆಜಿಗೆ 340 ಹಾಕುತ್ತಾರೆ, ಒಟ್ಟು 77,000 ರೂಪಾಯಿ. ಲೈಫೋದವರು 340ರ 200 ಕೆಜಿಯಿಂದ ಶುರುಮಾಡಿ 300ರಲ್ಲಿ 50 ಕೆಜಿ ತೆಗೆಯುತ್ತಾರೆ, ಒಟ್ಟು 83,000. ಸರಾಸರಿಯವರು 1,28,000 ರೂಪಾಯಿಯನ್ನು 400 ಕೆಜಿಯಿಂದ ಭಾಗಿಸಿ 320ರ ದರ ಹಿಡಿಯುತ್ತಾರೆ, 80,000. ಅದೇ ಬೀಜ, ಅದೇ ರೋಸ್ಟರ್, ಅದೇ ಮಧ್ಯಾಹ್ನ. ಆದರೂ ಮೊದಲಿಗೂ ಎರಡನೆಯದಕ್ಕೂ 6,000 ರೂಪಾಯಿ ಅಂತರ.

28ನೇ ತಾರೀಕಿನ ಹೊತ್ತಿಗೆ ಅಂತರ ಇನ್ನೂ ಹಿಗ್ಗುತ್ತದೆ. ಫೈಫೋದಲ್ಲಿ ಉಳಿದಿದ್ದ 340ರ 150 ಕೆಜಿ ಮುಗಿದು, 400ರಲ್ಲಿ 100 ಕೆಜಿ ಸೇರುತ್ತದೆ: 91,000. ಲೈಫೋದಲ್ಲಿ 250ಕ್ಕೆ 250ನ್ನೂ 400ರಲ್ಲೇ ಹಾಕಬೇಕು: 1,00,000. ಸರಾಸರಿ ಈಗ 370ಕ್ಕೆ ಏರಿದೆ: 92,500.

ಈ 370 ಬಂದದ್ದು ಹೇಗೆಂದು ಒಂದು ಗಳಿಗೆ ನಿಂತು ನೋಡುವುದು ಒಳ್ಳೆಯದು, ಏಕೆಂದರೆ ಲೆಕ್ಕ ತಪ್ಪುವ ಜಾಗ ಇದೇ. 15ರ ನಂತರ ಉಳಿದಿದ್ದು 320ರ ದರದ 150 ಕೆಜಿ, ಅಂದರೆ 48,000 ರೂಪಾಯಿ. ಅದಕ್ಕೆ ಹೊಸ ಖರೀದಿಯ 1,00,000 ಸೇರಿಸಿ 400 ಕೆಜಿಯಿಂದ ಭಾಗಿಸಿದರೆ 370. ಅವಸರದಲ್ಲಿ 320ನ್ನೂ 400ನ್ನೂ ಕೂಡಿಸಿ ಅರ್ಧ ಮಾಡಿದರೆ 360 ಬರುತ್ತದೆ, ತೂಕವನ್ನು ಮರೆತ ಸರಾಸರಿ ಅದು. 400 ಕೆಜಿಗೆ 360 ಎಂದರೆ 1,44,000. ಕೈಯಿಂದ ಹೋದದ್ದು 1,48,000. ನಡುವಿನ 4,000 ರೂಪಾಯಿ ಪುಸ್ತಕದಲ್ಲಿ ಎಲ್ಲಿಯೂ ಇಲ್ಲ. ಇಂಥ ತಪ್ಪು ಹಿಡಿಯಲು ಸುಲಭದ ಪರೀಕ್ಷೆಯಿದೆ. ಆರಂಭದ ದಾಸ್ತಾನು ಮತ್ತು ಖರೀದಿ ಸೇರಿದ ಮೊತ್ತ ಒಂದು ಕಡೆ, ಹುರಿಯಲು ಕೊಟ್ಟದ್ದು ಮತ್ತು ಉಳಿದ ದಾಸ್ತಾನು ಇನ್ನೊಂದು ಕಡೆ. ನಮ್ಮ ಲೆಕ್ಕದಲ್ಲಿ ಎರಡೂ ಕಡೆ 2,28,000 ಬರಬೇಕು. ಬರದಿದ್ದರೆ ದರ ಕಟ್ಟುವುದರಲ್ಲೇ ತಪ್ಪಾಗಿದೆ.

ಈಗ ಪುಡಿಗೆ ಬರೋಣ. ಹುರಿದಾಗ ಬೀಜದ ತೂಕ ಇಳಿಯುತ್ತದೆ. ಕಡು ಹುರಿದರೆ ಐದರಲ್ಲಿ ಒಂದು ಪಾಲು ಹೋಗುವುದುಂಟು. ಆ ಲೆಕ್ಕ ಹಿಡಿದರೆ 500 ಕೆಜಿ ಬೀಜಕ್ಕೆ 400 ಕೆಜಿ ಪುಡಿ. ಹುರಿಯುವ, ಪುಡಿ ಮಾಡುವ ಖರ್ಚು, ಪ್ಯಾಕಿಂಗ್, ಕೂಲಿ, ಬಾಡಿಗೆ ಎಲ್ಲ ಸೇರಿ ಕೆಜಿ ಪುಡಿಗೆ 60 ರೂಪಾಯಿ ಇರಲಿ. ಮಾರಿದ್ದು 520ಕ್ಕೆ, ಚಿಕೋರಿ ಬೆರಸದ ಪುಡಿ, ಅಷ್ಟೂ ಖರ್ಚಾಯಿತು.

| ಪದ್ಧತಿ | ಕೆಜಿ ಪುಡಿಯ ಬೀಜದ ವೆಚ್ಚ (ರೂ.) | ಕೆಜಿ ಪುಡಿಯ ಒಟ್ಟು ಅಸಲು (ರೂ.) | ತಿಂಗಳ ಲಾಭ (ರೂ.) | ಉಳಿದ 150 ಕೆಜಿಯ ಬೆಲೆ (ರೂ.) |
|---|---|---|---|---|
| ಫೈಫೋ | 420.00 | 480.00 | 16,000 | 60,000 |
| ಸರಾಸರಿ | 431.25 | 491.25 | 11,500 | 55,500 |
| ಲೈಫೋ | 457.50 | 517.50 | 1,000 | 45,000 |

ಕೊನೆಯ ಎರಡು ಸಾಲುಮನೆಗಳನ್ನು ಜೋಡಿಸಿ ನೋಡಿ. ಫೈಫೋಗೂ ಲೈಫೋಗೂ ಲಾಭದಲ್ಲಿ 15,000 ರೂಪಾಯಿ ವ್ಯತ್ಯಾಸ. ಉಳಿದ ದಾಸ್ತಾನಿನಲ್ಲೂ ಅದೇ 15,000. ಲೈಫೋ ಹಿಡಿದರೆ ದುಡ್ಡು ಕರಗಲಿಲ್ಲ, ಫೈಫೋ ಹಿಡಿದರೆ ಹುಟ್ಟಲೂ ಇಲ್ಲ. ದರ ಏರುವ ಕಾಲದಲ್ಲಿ ಫೈಫೋ ಹಳೆಯ ಅಗ್ಗದ ದರವನ್ನು ಪುಡಿಯ ಮೇಲೆ ಹಾಕಿ, ಹೊಸ ದುಬಾರಿ ದರವನ್ನು ಗೋದಾಮಿನಲ್ಲಿ ಉಳಿಸುತ್ತದೆ. ಅಸಲು ಕಡಿಮೆ ಕಾಣುತ್ತದೆ, ಲಾಭ ಹೆಚ್ಚು ಕಾಣುತ್ತದೆ, ದಾಸ್ತಾನು ಪೇಟೆ ದರಕ್ಕೆ ಹತ್ತಿರವಿರುತ್ತದೆ. ಲೈಫೋದಲ್ಲಿ ಇವೆಲ್ಲ ತಿರುವುಮುರುವು. ಸರಾಸರಿ ಎರಡರ ನಡುವೆ ನಿಂತು ಏರಿಳಿತದ ಅಂಚನ್ನು ಸವರುತ್ತದೆ. ದರ ಇಳಿಯತೊಡಗಿದರೆ ಫೈಫೋ, ಲೈಫೋ ಜಾಗ ಬದಲಾಯಿಸಿಕೊಳ್ಳುತ್ತವೆ.

ಫೈಫೋ ತೋರಿಸಿದ 16,000ವನ್ನು ಮಾಲೀಕರು ನಂಬಿ ಮನೆಗೆ ಒಯ್ದರೆ ಏನಾಗುತ್ತದೆ? ಮಾರಾಟದಿಂದ ಬಂದದ್ದು 2,08,000. ಇತರ ಖರ್ಚು 24,000 ಕಳೆದರೆ 1,84,000. ಮನೆಗೆ ಹೋದದ್ದು ಕಳೆದರೆ ಉಳಿಯುವುದು 1,68,000. ಖರ್ಚಾದ 500 ಕೆಜಿ ಬೀಜವನ್ನು ಮತ್ತೆ ತುಂಬಿಸಲು 400ರ ದರದಲ್ಲಿ 2,00,000 ಬೇಕು, ಆದರೆ ಕೈಯಲ್ಲಿರುವ ದುಡ್ಡಿಗೆ 420 ಕೆಜಿ ಮಾತ್ರ ಬರುತ್ತದೆ. ಲಾಭ ಮಾಡಿಯೂ ಗೋದಾಮು ಖಾಲಿಯಾಗುವುದು ಹೀಗೆ. ಆ 16,000ದಲ್ಲಿ ವ್ಯಾಪಾರದ ಲಾಭ ಸ್ವಲ್ಪ, ಹಳೆಯ ಬೀಜ ಕೈಯಲ್ಲಿದ್ದಾಗ ದರ ಏರಿದ್ದರಿಂದ ಬಂದದ್ದು ಹೆಚ್ಚು. ಈ ಎರಡನೆಯದು ಮುಂದಿನ ಖರೀದಿಗೇ ಹೋಗುವ ದುಡ್ಡು.

ಹಾಗಾದರೆ ಲೈಫೋ ಒಳ್ಳೆಯದಲ್ಲವೇ ಎಂದು ನೀವು ಕೇಳಬಹುದು. ಅಮೆರಿಕದಲ್ಲಿ ಹಲವು ಕಂಪನಿಗಳು ಹಾಗೆಯೇ ಯೋಚಿಸಿದವು. ಅಲ್ಲಿ 1930ರ ದಶಕದ ಕೊನೆಯಲ್ಲಿ ತೆರಿಗೆ ಕಾನೂನು ಲೈಫೋಗೆ ಅವಕಾಶ ಕೊಟ್ಟಿತು. 1974ರಲ್ಲಿ ಬೆಲೆಗಳು ಜಿಗಿದಾಗ ದೊಡ್ಡ ಕಂಪನಿಗಳು ಸಾಲಾಗಿ ಅದಕ್ಕೆ ಹೊರಳಿದವು. ಲಾಭ ಕಡಿಮೆ ತೋರಿದಷ್ಟೂ ತೆರಿಗೆ ಕಡಿಮೆ. ಅಲ್ಲಿನ ಸರ್ಕಾರ ಒಂದು ಷರತ್ತು ಹಾಕಿತ್ತು, ಇವತ್ತಿಗೂ ಇದೆ: ತೆರಿಗೆಗೆ ಲೈಫೋ ತೋರಿಸಿದರೆ ಷೇರುದಾರರಿಗೂ ಅದೇ ಲೆಕ್ಕ ತೋರಿಸಬೇಕು. ಅಧಿಕಾರಿಗೆ ಬಡವ, ಹೂಡಿಕೆದಾರನಿಗೆ ಶ್ರೀಮಂತ ಎನ್ನುವ ಹಾಗಿಲ್ಲ.

ಲೈಫೋದ ಹುಳುಕು ಇರುವುದು ಗೋದಾಮಿನ ತಳದಲ್ಲಿ. ನಮ್ಮ ಲೆಕ್ಕದ ಆ 150 ಕೆಜಿ ಪುಸ್ತಕದಲ್ಲಿ 300ರ ದರದಲ್ಲೇ ಕೂತಿದೆ. ಖರೀದಿ ನಡೆಯುತ್ತಿರುವವರೆಗೆ ಅದನ್ನು ಯಾರೂ ಮುಟ್ಟುವುದಿಲ್ಲ, ವರ್ಷಗಟ್ಟಲೆ ಹಾಗೆಯೇ ಉಳಿಯಬಹುದು. ಒಂದು ತಿಂಗಳು ಬೀಜ ಸಿಗದೆ ಅದನ್ನೇ ಹುರಿಯಬೇಕಾಗಿ ಬಂತು ಎನ್ನಿ. ಪೇಟೆಯಲ್ಲಿ ದರ 400 ಇರುವಾಗ ಪುಡಿಯ ಬೀಜದ ವೆಚ್ಚ ಒಮ್ಮೆಗೇ 375ಕ್ಕೆ ಬೀಳುತ್ತದೆ. ಹಿಂದಿನ ಬ್ಯಾಚಿನಲ್ಲಿ ಅದು 500 ಇತ್ತು. ಕೆಲಸದಲ್ಲಿ ಏನೂ ಸುಧಾರಿಸದೆ ಲಾಭ ಚಿಮ್ಮುತ್ತದೆ. ಯಾವುದಾದರೂ ತಿಂಗಳು ದಾಸ್ತಾನು ಇಳಿದು, ಜೊತೆಗೇ ಲಾಭ ಏರಿದ್ದರೆ ಈ ಕಾರಣವನ್ನು ಮೊದಲು ನೋಡಬೇಕು.

ನಮ್ಮಲ್ಲಿ ಈ ಚರ್ಚೆಗೆ ಕಾನೂನಿನ ತೆರೆ ಬಿದ್ದು ಬಹಳ ದಿನವಾಯಿತು. 1999ರಲ್ಲಿ ಪರಿಷ್ಕರಣೆಯಾದ ದಾಸ್ತಾನು ಮೌಲ್ಯಮಾಪನದ ಲೆಕ್ಕಪತ್ರ ಮಾನದಂಡ, ಅಂದರೆ ಎಎಸ್ 2, ಲೈಫೋವನ್ನು ಬಿಟ್ಟಿತು. ಅಂತರರಾಷ್ಟ್ರೀಯ ಮಾನದಂಡ ಐಎಎಸ್ 2 ಕೂಡ 2003ರ ಪರಿಷ್ಕರಣೆಯಲ್ಲಿ ಬಿಟ್ಟಿತು. ಹೀಗೆ ಒಂದರ ಬದಲು ಇನ್ನೊಂದು ಬರಬಹುದಾದ ಬೀಜದಂಥ ಮಾಲಿಗೆ ವರ್ಷದ ಲೆಕ್ಕದಲ್ಲಿ ಉಳಿದ ದಾರಿ ಎರಡೇ, ಫೈಫೋ ಅಥವಾ ತೂಕದ ಸರಾಸರಿ. ಹಿಡಿದದ್ದನ್ನು ವರ್ಷ ವರ್ಷವೂ ಹಿಡಿಯಬೇಕು. ಬದಲಿಸಿದರೆ ಬದಲಿಸಿದ್ದನ್ನೂ ಅದರಿಂದಾದ ವ್ಯತ್ಯಾಸವನ್ನೂ ಹೇಳಬೇಕು. ತಮಾಷೆಯೆಂದರೆ ಬೆಂಗಳೂರಿನದೇ ಆದ ಟ್ಯಾಲಿ ತಂತ್ರಾಂಶದಲ್ಲಿ ಇವತ್ತಿಗೂ ಮಾಲಿನ ಪಟ್ಟಿಯಲ್ಲಿ Avg. Cost, FIFO ಜೊತೆಗೆ LIFO ಕೂಡ ಕಾಣುತ್ತದೆ. ಆಯ್ಕೆ ಇದೆಯೆಂದು ಒತ್ತಿಬಿಡಬೇಡಿ.

ಎರಡರಲ್ಲಿ ಯಾವುದು ಎಂದರೆ, ದರ ವಾರವಾರವೂ ಕುಣಿಯುವ ಸಣ್ಣ ಉದ್ಯಮಕ್ಕೆ ನನ್ನ ಮತ ಸರಾಸರಿಗೆ. ನಮ್ಮ ಲೆಕ್ಕದಲ್ಲೇ ನೋಡಿ, ಒಂದು ಲಾಟಿನ ನಡುವೆ ದರ ತುಂಡಾಗುವ ತಲೆನೋವು ಅದರಲ್ಲಿಲ್ಲ, ಲಾಭವನ್ನು ಫೈಫೋದಷ್ಟು ಉಬ್ಬಿಸಿ ತೋರಿಸುವುದೂ ಇಲ್ಲ.

ಆದರೆ ಹೋಟೆಲಿನವರು ಬಂದು ಮುಂದಿನ ತಿಂಗಳಿಗೆ ಪುಡಿ ಯಾವ ದರಕ್ಕೆ ಕೊಡುತ್ತೀರಿ ಎಂದು ಕೇಳಿದಾಗ ಲೆಡ್ಜರ್ ತೆರೆಯಬೇಡಿ. ಮೂರರಲ್ಲಿ ಯಾವ ಪದ್ಧತಿಯೂ ಆ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಇವತ್ತು ಬೀಜ 400 ರೂಪಾಯಿ. ಹುರಿದ ಮೇಲಿನ ಕೊರತೆ ಸೇರಿಸಿದರೆ ಕೆಜಿ ಪುಡಿಗೆ 500, ಮೇಲಿನ ಖರ್ಚು 60, ಒಟ್ಟು 560. ಮೂರು ಪುಸ್ತಕಗಳೂ ಲಾಭ ತೋರಿಸುತ್ತಿರುವ 520ರ ದರಕ್ಕೆ ಹೊಸ ಆರ್ಡರ್ ಒಪ್ಪಿಕೊಂಡರೆ ಪ್ರತಿ ಕೆಜಿಗೂ 40 ರೂಪಾಯಿ ಕೈಬಿಡುತ್ತದೆ. ಕೊಟೇಶನ್ನಿಗೆ ಇವತ್ತಿನ ಬೀಜದ ದರ ಹಿಡಿಯಿರಿ, ಆ ದರ ಎಷ್ಟು ದಿನದವರೆಗೆ ಎಂಬುದನ್ನೂ ಅದರಲ್ಲೇ ಬರೆದುಕೊಡಿ.