ಎರಡು ಮೀಟರಿನ ಹೋರಾಟ: ಕಬಡ್ಡಿಯ ದಾಳಿಯೂ ಭೌತಶಾಸ್ತ್ರವೂ

ಕಬಡ್ಡಿಯನ್ನು ನೋಡದ ವಿದ್ಯಾರ್ಥಿ ನಮ್ಮ ನಾಡಿನಲ್ಲಿ ವಿರಳ. ಆದರೆ ಹಿಡಿಯಲ್ಪಟ್ಟ ದಾಳಿಗಾರನು ಕೆಲವೊಮ್ಮೆ ತಪ್ಪಿಸಿಕೊಂಡು ಮಧ್ಯರೇಖೆಯನ್ನು ಮುಟ್ಟುವುದೂ, ಅಷ್ಟೇ ಬಲವುಳ್ಳ ಇನ್ನೊಬ್ಬನು ಗೆರೆಗೆ ಒಂದು ಗೇಣು ದೂರದಲ್ಲಿ ಸಿಕ್ಕಿಬೀಳುವುದೂ ಏಕೆಂದು ವಿಚಾರಿಸುವವರು ಕಡಿಮೆ. ಶಿವಮೊಗ್ಗದಿಂದ ಸಾಗರದ ಕಡೆಗೆ ಹೋಗುವ ಹೆದ್ದಾರಿಯಲ್ಲಿರುವ ಆಯನೂರಿನಲ್ಲಿ ಪ್ರೌಢಶಾಲೆಯ ಹುಡುಗರ ತಂಡವೊಂದು ಈ ಆಟವನ್ನು ಅಭ್ಯಾಸ ಮಾಡುವಾಗ ಅಂಕಣದ ಬದಿಯಲ್ಲಿ ಅಳತೆಪಟ್ಟಿಯನ್ನು ಹಿಡಿದು ನಿಲ್ಲುವ ಅವಕಾಶ ಈ ಲೇಖಕನಿಗೆ ಒದಗಿತು. ಅಲ್ಲಿ ಕಂಡದ್ದನ್ನೂ, ಅದರ ಹಿಂದಿರುವ ಸರಳವಾದ ಲೆಕ್ಕವನ್ನೂ ಇಲ್ಲಿ ವಿವರಿಸಲಾಗುವುದು.

ಮೊದಲು ಅಂಕಣವನ್ನು ನೆನಪಿಗೆ ತಂದುಕೊಳ್ಳೋಣ. ಪುರುಷರ ಅಂಕಣವು 13 ಮೀಟರ್ ಉದ್ದ, 10 ಮೀಟರ್ ಅಗಲ. ಮಧ್ಯರೇಖೆಯಿಂದ 3.75 ಮೀಟರ್ ದೂರದಲ್ಲಿ ಬಾಕ್ ಗೆರೆ ಇರುವುದು. ಯಾರನ್ನೂ ಮುಟ್ಟದೆ ಹಿಂದಿರುಗುವ ದಾಳಿಗಾರನು ಈ ಗೆರೆಯನ್ನು ಒಮ್ಮೆಯಾದರೂ ದಾಟಿರಲೇಬೇಕು. ಇಲ್ಲವಾದರೆ ಅವನು ಔಟ್. ಎರಡು ಪಕ್ಕಗಳಲ್ಲಿಯೂ ಒಂದೊಂದು ಮೀಟರಿನ ಲಾಬಿ ಇದೆ. ಎದುರಾಳಿಯ ಸ್ಪರ್ಶವಾಗುವ ತನಕ ಅಲ್ಲಿ ಕಾಲಿಡಕೂಡದು. ಸ್ಪರ್ಶವಾದ ಕ್ಷಣದಿಂದ ಅದು ಆಟದ ನೆಲವಾಗುತ್ತದೆ. ಒಂದು ದಾಳಿಗೆ 30 ಸೆಕೆಂಡು ಕಾಲಾವಕಾಶ. ದಾಳಿಯ ನಿಜವಾದ ಹೋರಾಟವಾದರೋ ಕೊನೆಯ ಒಂದೆರಡು ಸೆಕೆಂಡುಗಳಲ್ಲಿ, ಮಧ್ಯರೇಖೆಗೆ ಎರಡು ಮೀಟರ್ ಸಮೀಪದಲ್ಲಿ ನಡೆಯುವುದು.

ಶಿಕ್ಷಣವು ಕೈ ಸ್ಪರ್ಶದಿಂದ ಆರಂಭವಾಗುತ್ತದೆ. ಹೊಸಬನು ಎದುರಾಳಿಯನ್ನು ಮುಟ್ಟಬೇಕೆಂಬ ಆತುರದಲ್ಲಿ ದೇಹವನ್ನೆಲ್ಲ ಮುಂದಕ್ಕೆ ಬಾಗಿಸುತ್ತಾನೆ. ಆಗ ಅವನ ಗುರುತ್ವ ಕೇಂದ್ರವು ಮುಂಗಾಲನ್ನು ದಾಟಿ ಮುಂದೆ ಹೋಗುವುದು. ಪಾದಗಳ ಆಧಾರದಿಂದ ಗುರುತ್ವ ಕೇಂದ್ರವು ಹೊರಗೆ ಸರಿದ ದೇಹವು ಬೀಳಲೇಬೇಕು. ಬೀಳದಿರಲು ಅವನು ಇನ್ನೊಂದು ಹೆಜ್ಜೆಯನ್ನು ಎದುರಾಳಿಯ ಕಡೆಗೇ ಇಡಬೇಕಾಗುತ್ತದೆ. ಆ ಒಂದು ಹೆಜ್ಜೆಯಲ್ಲಿಯೇ ರಕ್ಷಕನು ಅವನ ಕಾಲನ್ನು ಹಿಡಿಯುತ್ತಾನೆ. ಅಲ್ಲಿನ ದೈಹಿಕ ಶಿಕ್ಷಕರು ಇದನ್ನು ಒಂದೇ ಮಾತಿನಲ್ಲಿ ಹೇಳುತ್ತಿದ್ದರು: "ಕೈ ಮುಂದೆ ಹೋಗಲಿ, ಭಾರ ಹಿಂದೆ ಇರಲಿ ಕಣೋ." ಹಿಂಗಾಲಿನ ಮಂಡಿಯನ್ನು ಮಡಿಸಿ, ಅದರ ಮೇಲೆ ಭಾರವನ್ನಿಟ್ಟು, ಹಿಂಗಾಲಿನ ಬೆರಳುಗಳನ್ನು ಪಕ್ಕಕ್ಕೆ ತಿರುಗಿಸಿಕೊಂಡು ಕೈಯನ್ನು ಬೀಸಿದರೆ, ಮುಟ್ಟಿದ ಮರುಕ್ಷಣವೇ ಅದೇ ಕಾಲು ನೆಲವನ್ನು ಒದ್ದು ದೇಹವನ್ನು ಹಿಂದಕ್ಕೆ ಚಿಮ್ಮಿಸಬಲ್ಲದು.

ಅಭ್ಯಾಸಕ್ಕೆ ಒಂದು ಗೂಟಕ್ಕೆ ಕರವಸ್ತ್ರವನ್ನು ಕಟ್ಟಿದರೆ ಸಾಕು. ಹುಡುಗನು ತೋಳಿನ ಉದ್ದಕ್ಕಿಂತ ಒಂದು ಅಡಿ ಹೆಚ್ಚು ದೂರದಲ್ಲಿ ನಿಂತು ಅದನ್ನು ಮುಟ್ಟಿ ಹಿಂದಿರುಗಬೇಕು. ಮುಟ್ಟಿದ ಮೇಲೆ ಮುಂಗಾಲು ಅಲುಗಿ ಮುಂದೆ ಸರಿದರೆ ಭಾರವು ತಪ್ಪು ಕಾಲಿನ ಮೇಲೆ ಇದ್ದಿತೆಂದು ತಿಳಿಯಬಹುದು. ಅಂಗಳದ ಧೂಳಿನಲ್ಲಿ ಹೆಜ್ಜೆಯ ಗುರುತೇ ಸಾಕ್ಷಿ ಹೇಳುವುದು.

ಸ್ಪರ್ಶದ ಬಳಿಕ ದಾಳಿಗಾರನಿಗೆ ದೊರೆಯುವ ಸಮಯವೆಷ್ಟು? ಇದನ್ನು ವಾಚಕರು ತಾವೇ ಅಳೆದು ನೋಡಬಹುದು. ಗೆಳೆಯನೊಬ್ಬನು ಅಡಿಕೋಲನ್ನು ಲಂಬವಾಗಿ ಹಿಡಿದಿರಲಿ. ನಿಮ್ಮ ಬೆರಳುಗಳು ಅದರ ಸೊನ್ನೆಯ ಗುರುತಿನ ಬಳಿ ತೆರೆದಿರಲಿ. ಅವನು ಹೇಳದೆ ಕೈಬಿಟ್ಟಾಗ ನೀವು ಹಿಡಿಯಬೇಕು. ಸಾಮಾನ್ಯವಾಗಿ ಕೋಲು 20 ಸೆಂಟಿಮೀಟರಿನಷ್ಟು ಜಾರಿರುತ್ತದೆ. ಬೀಳುವ ವಸ್ತುವಿನ ನಿಯಮದಂತೆ ಇದಕ್ಕೆ ಸುಮಾರು 0.2 ಸೆಕೆಂಡು ಬೇಕು. ಕಣ್ಣು ಕಂಡದ್ದನ್ನು ಕೈ ಮಾಡಲು ರಕ್ಷಕನಿಗೂ ಇಷ್ಟು ಹೊತ್ತು ಬೇಕೇ ಬೇಕು. ಅಷ್ಟರಲ್ಲಿ ಸೆಕೆಂಡಿಗೆ 3 ಮೀಟರ್ ವೇಗದಿಂದ ಹಿಂದಕ್ಕೆ ಹೋಗುವ ದಾಳಿಗಾರನು 60 ಸೆಂಟಿಮೀಟರ್, ಎಂದರೆ ಒಂದು ತೋಳಿನುದ್ದ, ದೂರವಾಗಿರುತ್ತಾನೆ. ಭಾರವನ್ನು ಹಿಂದಿಟ್ಟು ಮುಟ್ಟಿದವನಿಗೆ ಈ ತೋಳಿನುದ್ದ ಲಾಭ. ಮುಂದೆ ಬಾಗಿ ಮುಟ್ಟಿದವನಿಗೆ ಇದು ಹೆಜ್ಜೆಯನ್ನು ಸರಿಪಡಿಸಿಕೊಳ್ಳುವುದರಲ್ಲಿಯೇ ವ್ಯಯವಾಗುತ್ತದೆ.

ಇನ್ನು ಹಿಡಿತದಿಂದ ಬಿಡಿಸಿಕೊಳ್ಳುವ ವಿಷಯ. ದಾಳಿಗಾರನು ಮನೆಗೆ ಓಡಿ ಸೇರಬೇಕಾಗಿಲ್ಲ. ಉಸಿರು ಬಿಡದೆ 'ಕಬಡ್ಡಿ' ಎನ್ನುತ್ತಿರುವಾಗಲೇ ದೇಹದ ಯಾವುದಾದರೊಂದು ಭಾಗವು, ಬೆರಳಿನ ತುದಿಯಾದರೂ ಸರಿ, ಮಧ್ಯರೇಖೆಯನ್ನು ಮುಟ್ಟಿದರೆ ಸಾಕು. ಆದುದರಿಂದ ಇಲ್ಲಿ ಕೇಳಬೇಕಾದ ಪ್ರಶ್ನೆ "ಬಲವೆಷ್ಟು?" ಎಂಬುದಕ್ಕಿಂತ ಮೊದಲು "ಉದ್ದವೆಷ್ಟು?" ಎಂಬುದು. ಪ್ರತಿಯೊಬ್ಬ ಹುಡುಗನನ್ನೂ ಗೋಡೆಯ ಬಳಿ ಕೈಯೆತ್ತಿ ನಿಲ್ಲಿಸಿ ಸುಣ್ಣದಿಂದ ಗುರುತು ಮಾಡಲಾಯಿತು. 155 ಸೆಂಟಿಮೀಟರ್ ಎತ್ತರದ ಹುಡುಗನ ಬೆರಳ ತುದಿ ಸುಮಾರು 195 ಸೆಂಟಿಮೀಟರಿಗೆ ತಲುಪುತ್ತದೆ. ಅವನ ಕಣಕಾಲು ನೆಲದಿಂದ 10 ಸೆಂಟಿಮೀಟರ್ ಮೇಲಿದೆ, ಸೊಂಟ 95 ಸೆಂಟಿಮೀಟರ್ ಮೇಲಿದೆ. ಎಂದರೆ ಕಣಕಾಲನ್ನು ಹಿಡಿದಾಗ ಅವನಿಗೆ 185 ಸೆಂಟಿಮೀಟರ್ ಉದ್ದ ಉಳಿದಿರುತ್ತದೆ. ಸೊಂಟವನ್ನು ಹಿಡಿದಾಗ 100 ಸೆಂಟಿಮೀಟರ್ ಮಾತ್ರ.

ಈ ಎರಡು ಅಂಕಿಗಳಿಂದಲೇ ಬಿಡಿಸಿಕೊಳ್ಳುವ ಪಾಠ ಹುಟ್ಟುವುದು. ಮಧ್ಯರೇಖೆಯಿಂದ ಎರಡು ಮೀಟರಿನೊಳಗೆ ಕಣಕಾಲು ಸಿಕ್ಕಿದಾಗ ನಿಂತೇ ಕಾಲನ್ನು ಕಿತ್ತುಕೊಳ್ಳಲು ಹೆಣಗುವುದು ವ್ಯರ್ಥ. ಅದರಿಂದ ಇತರ ರಕ್ಷಕರು ಬಂದು ಸೊಂಟವನ್ನು ಹಿಡಿಯಲು ಸಮಯ ದೊರೆಯುತ್ತದೆ. ಕೂಡಲೇ ಗೆರೆಯ ಕಡೆಗೆ ಮುಖಮಾಡಿ, ಕೈಗಳನ್ನು ಚಾಚಿ, ಉದ್ದಕ್ಕೆ ಬೀಳಬೇಕು. ಕೊರತೆಯಾದ 15 ಸೆಂಟಿಮೀಟರನ್ನು ಬೀಳುವ ದೇಹದ ವೇಗವೇ ಸಾಮಾನ್ಯವಾಗಿ ತುಂಬಿಕೊಡುತ್ತದೆ. ಬೀಳುವುದನ್ನೂ ಕಲಿಸಬೇಕು: ಮೊದಲು ಮಂಡಿಯೂರಿ, ಬಳಿಕ ಕುಕ್ಕರಗಾಲಿನಿಂದ, ಕೊನೆಗೆ ನಿಂತ ನಿಲುವಿನಿಂದ, ನೆಲವು ಅಗೆದು ಸಡಿಲಿಸಿದ ಮಣ್ಣಾಗಿರಬೇಕು. ಅಂಗೈಗಳನ್ನು ನೇರವಾಗಿ ಊರಿದರೆ ಮಣಿಕಟ್ಟು ಉಳುಕುವುದು; ಮುಂಗೈ ಮತ್ತು ಎದೆಯ ಮೇಲೆ ಜಾರುವಂತೆ ಬೀಳಬೇಕು. ಹಿಡಿಯುವವನಿಗೂ ಒಂದು ಕಟ್ಟುಪಾಡಿದೆ: ಪಾದವನ್ನು ತಿರುಚದೆ ಹಿಂದಕ್ಕೂ ಮೇಲಕ್ಕೂ ಎಳೆಯಬೇಕು. ಕಾಲುಗಳಿಂದ ಕತ್ತರಿ ಹಾಕುವುದು ನಿಯಮಕ್ಕೇ ವಿರುದ್ಧ.

ಸೊಂಟದ ಹಿಡಿತಕ್ಕೆ ಉತ್ತರವು ಬೇರೆ. ಅಲ್ಲಿ ಉದ್ದವು ನೆರವಾಗದು, ನೆಲದ ಘರ್ಷಣೆಯೇ ನೆರವಾಗಬೇಕು. ಘರ್ಷಣೆಯು ಪಾದವು ನೆಲವನ್ನು ಒತ್ತುವ ಭಾರಕ್ಕೆ ಅನುಗುಣವಾಗಿರುತ್ತದೆ. ಚತುರನಾದ ರಕ್ಷಕನು ದಾಳಿಗಾರನನ್ನು ಎತ್ತುತ್ತಾನೆ. ಆಗ ಹಿಡಿದವನ ಪಾದದ ಒತ್ತಡ ಹೆಚ್ಚಿ, ಹಿಡಿಯಲ್ಪಟ್ಟವನದು ಕಡಿಮೆಯಾಗುವುದು. ಆದುದರಿಂದಲೇ ದಾಳಿಗಾರನಿಗೆ ಮಂಡಿಯನ್ನು ಮಡಿಸಿ ತಗ್ಗಿರುವಂತೆ ಹೇಳುವುದು. ರಕ್ಷಕನ ಸೊಂಟಕ್ಕಿಂತ ತನ್ನ ಸೊಂಟವು ಕೆಳಗಿರುವ ತನಕ ಅವನನ್ನು ಎತ್ತುವುದು ಕಷ್ಟ.

ಹೀಗೆ ದಾಳಿಗಾರನು ಕಲಿತ ಮೇಲೆ ರಕ್ಷಕರ ಸರಪಳಿಯ ಅಗತ್ಯವು ತಾನಾಗಿಯೇ ಸ್ಪಷ್ಟವಾಗುತ್ತದೆ. ಹುಡುಗರು 'ಚೈನ್' ಎಂದು ಕರೆಯುವ ಈ ರಚನೆಯಲ್ಲಿ ಎರಡು ಅಥವಾ ಮೂರು ಮಂದಿ ಕೈ ಹಿಡಿದು ನಿಲ್ಲುತ್ತಾರೆ. ಏಳು ಮಂದಿಯಿದ್ದಾಗ ಎರಡು ಮೂಲೆಗಳಲ್ಲಿ ಇಬ್ಬಿಬ್ಬರೂ ನಡುವೆ ಮೂವರೂ ಸೇರಿ ನಿಲ್ಲುವುದು ಒಂದು ಕ್ರಮ. ಬೆರಳುಗಳ ನಡುವೆ ಬೆರಳನ್ನು ಹೆಣೆಯಕೂಡದು. ಎಳೆತ ಬಂದಾಗ ಬೆರಳು ತಿರುಚುವುದು. ಒಬ್ಬರ ಮಣಿಕಟ್ಟನ್ನು ಇನ್ನೊಬ್ಬರು ಹಿಡಿಯುವುದು ಭದ್ರ.

ಇದರ ಪ್ರಯೋಜನವನ್ನು ಒಂದು ಲೆಕ್ಕದಿಂದ ನೋಡೋಣ. 50 ಕಿಲೋಗ್ರಾಂ ತೂಕದ ದಾಳಿಗಾರನು ಸೆಕೆಂಡಿಗೆ 4 ಮೀಟರ್ ವೇಗದಿಂದ ಮನೆಗೆ ಮರಳುತ್ತಿದ್ದಾನೆ. ಮಧ್ಯರೇಖೆಗೆ ಎರಡು ಮೀಟರ್ ಇರುವಾಗ ಅದೇ ತೂಕದ ಒಬ್ಬನೇ ರಕ್ಷಕನು ನಿಂತಲ್ಲಿಂದ ಅವನ ಸೊಂಟವನ್ನು ಹಿಡಿದನೆನ್ನಿ. ಸಂವೇಗವು ಇಬ್ಬರಲ್ಲಿ ಹಂಚಿಹೋಗಿ ವೇಗವು 2 ಮೀಟರಿಗೆ ಇಳಿಯುವುದು. ಆದರೆ ಒಬ್ಬನು ಮುಂದಕ್ಕೆ ನೂಕುವಷ್ಟೇ ಬಲದಿಂದ ಇನ್ನೊಬ್ಬನು ಹಿಂದಕ್ಕೆ ಎಳೆಯುತ್ತಿರುವುದರಿಂದ, ಎತ್ತುವ ಕೌಶಲ ಇಲ್ಲದಿದ್ದರೆ, ಉಳಿದ ವೇಗವನ್ನು ತಡೆಯುವ ಬಲವೇ ಇಲ್ಲ. ಇಬ್ಬರೂ ಗೆರೆಯವರೆಗೆ ಸಾಗುತ್ತಾರೆ.

ಈಗ ಇಬ್ಬರ ಸರಪಳಿಯು ಹಿಡಿಯಲಿ. ಒಟ್ಟು ತೂಕ 150 ಕಿಲೋಗ್ರಾಂ ಆದುದರಿಂದ ವೇಗವು 1.33 ಮೀಟರಿಗೆ ಇಳಿಯುವುದು. ಒಣ ಮಣ್ಣಿನ ಘರ್ಷಣಾಂಕವನ್ನು 0.5 ಎಂದು ಭಾವಿಸಿದರೆ ಒಬ್ಬೊಬ್ಬನ ಪಾದವು ಸುಮಾರು 250 ನ್ಯೂಟನ್ ಬಲವನ್ನು ಪಡೆಯುತ್ತದೆ. ಹಿಂದಕ್ಕೆ 500, ಮುಂದಕ್ಕೆ 250. ಉಳಿದ 250 ನ್ಯೂಟನ್ ಬಲವು ಮೂವರನ್ನೂ ಸುಮಾರು 53 ಸೆಂಟಿಮೀಟರಿನಲ್ಲಿ ನಿಲ್ಲಿಸುತ್ತದೆ. ದಾಳಿಗಾರನ ಸೊಂಟದಿಂದ ಬೆರಳಿಗೆ 100 ಸೆಂಟಿಮೀಟರ್. ಎರಡನ್ನೂ ಕೂಡಿಸಿದರೆ 153. ಗೆರೆಯು 200ರಲ್ಲಿದೆ, ಅವನು ಔಟ್.

ಇದು ಕಾಗದದ ಮೇಲಿನ ಲೆಕ್ಕ. ಹಿಡಿತವು ಜಾರುವುದನ್ನೂ ದೇಹವು ತಿರುಗುವುದನ್ನೂ ಇದು ಗಣಿಸದು. ಆದರೂ ಅಂಕಣದಲ್ಲಿ ಸರಪಳಿ ತಪ್ಪುವ ಬಗೆಯನ್ನು ಇದು ಚೆನ್ನಾಗಿ ತೋರಿಸುತ್ತದೆ. ಸಾಮಾನ್ಯವಾದ ತಪ್ಪೆಂದರೆ ಇಬ್ಬರೂ ಒಂದೇ ಕ್ಷಣದಲ್ಲಿ ತಲುಪದಿರುವುದು. ಮೊದಲನೆಯವನು ಅರ್ಧ ಸೆಕೆಂಡು ಮುಂಚೆ ಹಿಡಿದರೆ, ಆ ಅರ್ಧ ಸೆಕೆಂಡಿನಲ್ಲಿ ಅದು ಒಬ್ಬನ ಹಿಡಿತವೇ ಆಗಿ, ದಾಳಿಗಾರನು ಒಂದು ಮೀಟರ್ ಗಳಿಸಿಬಿಡುತ್ತಾನೆ. ಇದನ್ನು ಪತ್ತೆಹಚ್ಚುವುದು ಸುಲಭ: ಸರಪಳಿಯ ಕೈಗಳು ಹಿಗ್ಗಿ ನೇರವಾದರೆ ಒಬ್ಬನು ಹಿಂದುಳಿದನೆಂದು ಅರ್ಥ. ಮೊಣಕೈಗಳು ಸ್ವಲ್ಪ ಮಡಿಸಿದಂತೆಯೇ ಇದ್ದರೆ ಇಬ್ಬರೂ ಜೊತೆಯಲ್ಲಿ ಚಲಿಸಿದ್ದಾರೆ. ಅದಕ್ಕಾಗಿ ಮೊದಲ ವಾರ ದಾಳಿಗಾರನಿಲ್ಲದೆಯೇ, ಶಿಕ್ಷಕರ ಚಪ್ಪಾಳೆಗೆ ಇಬ್ಬರೂ ಒಂದೇ ಹೆಜ್ಜೆಯಿಡುವ ಅಭ್ಯಾಸವನ್ನು ಮಾಡಿಸಲಾಯಿತು. ಹೆಜ್ಜೆಯು ದಾಳಿಗಾರನಿರುವಲ್ಲಿಗಲ್ಲ, ಅವನು ಮರಳುವ ದಾರಿಗೆ ಅಡ್ಡಲಾಗಿ, ಬಾಗಿಲು ಮುಚ್ಚುವಂತೆ, ಬೀಳಬೇಕು.

ಒಂದು ಸಂಜೆ ತಂಡದ ಹುಡುಗನೊಬ್ಬ ಕೇಳಿದ: "ಮಳೆ ಬಂದಾಗ ನಮ್ಮ ಚೈನ್ ಯಾಕೆ ಬಿಟ್ಟುಹೋಗುತ್ತೆ ಸರ್?" ಪ್ರಶ್ನೆ ಸಮಯೋಚಿತವಾಗಿತ್ತು, ಮಲೆನಾಡಿನ ಅಂಚಿನ ಈ ಊರಿನಲ್ಲಿ ಮಳೆಗಾಲದ ಅಂಕಣವು ಒದ್ದೆಯಾಗಿಯೇ ಇರುತ್ತದೆ. ಉತ್ತರವೂ ಅದೇ ಲೆಕ್ಕದಲ್ಲಿದೆ. ಕೆಸರಿನಲ್ಲಿ ಘರ್ಷಣಾಂಕವು ಅರ್ಧಕ್ಕಿಳಿದು 0.25 ಆಯಿತೆನ್ನಿ. ತಡೆಯುವ ಬಲವೂ ಅರ್ಧವಾಗುವುದು. ಆದರೆ ದಾಳಿಗಾರನು ಅದೇ ವೇಗವನ್ನು ಪಡೆದಿದ್ದರೆ ಅವನ ಸಂವೇಗವು ಮಾತ್ರ ಕಡಿಮೆಯಾಗದು. ಮೂವರೂ ನಿಲ್ಲುವಷ್ಟರಲ್ಲಿ 53ರ ಬದಲು 107 ಸೆಂಟಿಮೀಟರ್ ಜಾರಿರುತ್ತಾರೆ. 107ಕ್ಕೆ 100 ಕೂಡಿಸಿದರೆ 207. ಬೆರಳು ಗೆರೆಯನ್ನು ಮುಟ್ಟಿತು! ಹಿಡಿತದಲ್ಲಿ ದೋಷವಿರಲಿಲ್ಲ, ಹಿಡಿದ ಸ್ಥಳದಲ್ಲಿ ದೋಷವಿತ್ತು. ಒದ್ದೆ ನೆಲದಲ್ಲಿ ಸರಪಳಿಯು ಅರ್ಧ ಮೀಟರಿನಷ್ಟು ಒಳಗೆ, ಗೆರೆಯಿಂದ ಎರಡೂವರೆ ಮೀಟರ್ ದೂರದಲ್ಲಿಯೇ, ಮುಚ್ಚಿಕೊಳ್ಳಬೇಕು. ಅಥವಾ ದಾಳಿಗಾರನು ವೇಗವನ್ನು ಪಡೆಯುವ ಮೊದಲೇ, ಅವನು ತಿರುಗುವ ಹೆಜ್ಜೆಯಲ್ಲಿ ಹಿಡಿಯಬೇಕು.

ಮರುದಿನದ ಅಭ್ಯಾಸಕ್ಕೆ ಹುಡುಗರು ಅಂಕಣದಲ್ಲಿ ಎರಡು ಹೊಸ ಗೆರೆಗಳನ್ನು ಸುಣ್ಣದಿಂದ ಎಳೆದುಕೊಂಡರು: ಎರಡು ಮೀಟರಿಗೆ ಒಂದು, ಎರಡೂವರೆ ಮೀಟರಿಗೆ ಇನ್ನೊಂದು. ಒಣ ದಿನ ಮೊದಲನೆಯದು, ಮಳೆಯ ದಿನ ಎರಡನೆಯದು ಬಾಗಿಲು ಮುಚ್ಚುವ ಸ್ಥಳ. ನಿಮ್ಮ ಶಾಲೆಯ ತಂಡಕ್ಕೆ ಈ ಗೆರೆಗಳು ಎಲ್ಲಿರಬೇಕೆಂಬುದನ್ನು ನಿಮ್ಮ ಹುಡುಗರ ತೂಕ, ಕೈಯೆತ್ತಿದ ಎತ್ತರ, ನಿಮ್ಮ ಅಂಕಣದ ಮಣ್ಣು, ಇವನ್ನು ಅಳೆದು ನೀವೇ ಕಂಡುಕೊಳ್ಳಬಹುದು.