ಲಾಭ ಖಾತೆಯಲ್ಲಿ, ಶಿಲ್ಕು ಗಲ್ಲಾದಲ್ಲಿ: ಗೊಬ್ಬರದ ಅಂಗಡಿಯಿಂದ ಮಗನಿಗೊಂದು ಪತ್ರ



ಈ ಮುಂಗಾರಿನಿಂದ ಅಂಗಡಿಯ ವ್ಯವಹಾರ ನಿನ್ನ ಕೈಗೆ ಬರುತ್ತಿದೆ. ಲೈಸೆನ್ಸು, ಸ್ಟಾಕ್ ರಿಜಿಸ್ಟರು, ರೈತರ ಬೆರಳು ಒತ್ತಿಸಿಕೊಳ್ಳುವ ಮಷಿನ್ನು ಎಲ್ಲವೂ ನಿನಗೆ ರೂಢಿಯಾಗಿವೆ. ಉದ್ರಿಯ ವಿಚಾರವನ್ನು ಮಾತ್ರ ಗಿರಾಕಿಗಳ ಎದುರಿಗೆ ಕೂತು ಹೇಳಿಕೊಡಲು ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಹಾವೇರಿ ಸೀಮೆಯಲ್ಲಿ ಉದ್ರಿ ಇಲ್ಲದೆ ಬೀಜ-ಗೊಬ್ಬರದ ಅಂಗಡಿ ನಡೆಯುವುದು ಕಷ್ಟ. ಗೋವಿನಜೋಳ ಬಿತ್ತುವವನಿಗೆ ಖರ್ಚು ಬರುವುದು ಜೂನ್‌ನಲ್ಲಿ. ಮಾಲು ಮಾರಿ ಕೈಗೆ ಹಣ ಬರುವುದು ನವೆಂಬರ್, ಡಿಸೆಂಬರ್‌ನಲ್ಲಿ. ನಡುವಿನ ತಿಂಗಳುಗಳಲ್ಲಿ ಅವನ ಹೊಲದಲ್ಲಿ ನಮ್ಮ ದುಡ್ಡೂ ಬೆಳೆಯುತ್ತಿರುತ್ತದೆ. ಆದ್ದರಿಂದ ಉದ್ರಿ ಕೊಡಬೇಡ ಎನ್ನುತ್ತಿಲ್ಲ. ಯಾರಿಗೆ, ಎಷ್ಟು, ಎಲ್ಲಿಯವರೆಗೆ ಎಂದು ಲೆಕ್ಕ ಹಾಕಿ ಕೊಡು ಎನ್ನುತ್ತಿದ್ದೇನೆ.

ಲೆಕ್ಕ ಹೇಗೆಂದು ತೋರಿಸುತ್ತೇನೆ. ನಾಲ್ಕು ಎಕರೆಯ ರೈತನೊಬ್ಬ ಬೀಜ, ಡಿಎಪಿ, ಯೂರಿಯಾ, ಕಳೆನಾಶಕ ಸೇರಿ 20,000 ರೂಪಾಯಿ ಮಾಲು ಒಯ್ದ ಎಂದುಕೋ. ನಮಗೆ ಅದರ ಅಸಲು 18,800. ಲಾಭ 1,200. ಅವನು ರೋಖ ಕೊಟ್ಟರೆ ಆ ಲಾಭ ಅಂದೇ ನಮ್ಮದು. ಉದ್ರಿ ಬರೆಸಿ ಆರು ತಿಂಗಳ ಮೇಲೆ ಕೊಟ್ಟರೆ? ಆ 18,800ಕ್ಕೆ ಬ್ಯಾಂಕಿನ ಸಿಸಿ ಸಾಲದ ಬಡ್ಡಿ ತಿಂಗಳಿಗೆ ನೂರಕ್ಕೊಂದು ರೂಪಾಯಿ ಎಂದು ಹಿಡಿದರೂ ಆರು ತಿಂಗಳಿಗೆ 1,128 ಆಗುತ್ತದೆ. ಉಳಿಯುವುದು 72 ರೂಪಾಯಿ. ಅದೂ ಅವನು ಹೇಳಿದ ದಿನಕ್ಕೇ ಕೊಟ್ಟರೆ. ಒಂದು ತಿಂಗಳು ತಡವಾದರೆ ನಮ್ಮ ಗಂಟೇ ಹೋಗಲು ಶುರುವಾಗುತ್ತದೆ.

ಬೇರೆ ವ್ಯಾಪಾರದಲ್ಲಿ ಉದ್ರಿಗೊಂದು ದರ, ರೋಖಕ್ಕೊಂದು ದರ ಇಡಬಹುದು. ನಮಗೆ ಆ ದಾರಿ ಇಲ್ಲ. 45 ಕಿಲೋ ಯೂರಿಯಾ ಚೀಲದ ಮೇಲೆ 266.50 ಎಂದು ಅಚ್ಚಾಗಿದ್ದರೆ ಅಷ್ಟೇ ತೆಗೆದುಕೊಳ್ಳಬೇಕು, ಇಂದು ಕೊಟ್ಟರೂ ದೀಪಾವಳಿಗೆ ಕೊಟ್ಟರೂ. ಕಾಯುವ ಖರ್ಚೆಲ್ಲ ನಮ್ಮ ಮೇಲೆಯೇ.

ಇನ್ನು ಆ ರೈತ ಕೊಡಲೇ ಇಲ್ಲ ಎಂದುಕೋ. ಹೋದದ್ದು 1,200 ರೂಪಾಯಿ ಲಾಭವಲ್ಲ, 18,800 ಅಸಲು. ಅದನ್ನು ತುಂಬಿಕೊಳ್ಳಲು ಅಷ್ಟೇ ಮಾಲನ್ನು ಇನ್ನೂ 16 ರೈತರು ರೋಖ ಕೊಟ್ಟು ಒಯ್ಯಬೇಕು. ಉದ್ರಿ ರೈತರಿಂದ ಅದು ತುಂಬುವುದೇ ಇಲ್ಲ, ಅವರಲ್ಲಿ ಉಳಿಯುವುದು ತಲೆಗೆ 72 ರೂಪಾಯಿ ಎಂದು ಈಗ ನೋಡಿದೆಯಲ್ಲ. ಒಂದು ಖಾತೆ ಮುಳುಗಿದಾಗ ‘ಇರಲಿ, ಒಬ್ಬನೇ ತಾನೆ’ ಎಂದು ಯಾರಾದರೂ ಸಮಾಧಾನ ಹೇಳಿದರೆ ಈ 16ನ್ನು ನೆನಪಿಸಿಕೋ.

ಆದರೂ ಅಂಗಡಿಯನ್ನು ಮೊದಲು ಹಿಂಡುವುದು ಮುಳುಗಿದ ಬಾಕಿಯಲ್ಲ, ಜುಲೈ ತಿಂಗಳು. ಜೂನ್‌ನಲ್ಲಿ 10 ಲಕ್ಷದ ವ್ಯಾಪಾರವಾಯಿತು, ಅದರಲ್ಲಿ 6 ಲಕ್ಷ ಉದ್ರಿ ಎಂದು ಹಿಡಿ. ಖಾತೆ ತೆಗೆದು ನೋಡಿದರೆ 60,000 ಲಾಭ. ಮನೆಯವರಿಗೆಲ್ಲ ಸಂತೋಷ. ಆದರೆ ಮಾಲಿಗೆ ನಾವು ಕೊಟ್ಟದ್ದು 9.4 ಲಕ್ಷ, ಗಲ್ಲಾಕ್ಕೆ ಬಂದದ್ದು 4 ಲಕ್ಷ. 5.4 ಲಕ್ಷ ಹೊರಗೆ ಕೂತಿದೆ. ಬಿಲ್ಲು ಹರಿದ ಮೇಲೆ ಜಿಎಸ್‌ಟಿಯನ್ನೂ ವಾಯಿದೆಗೆ ಸರಿಯಾಗಿ ಕಟ್ಟಲೇಬೇಕು. ರೈತ ಇನ್ನೂ ಕೊಟ್ಟಿಲ್ಲ ಎಂದರೆ ಅವರು ಕೇಳುವುದಿಲ್ಲ. ಅಷ್ಟರಲ್ಲಿ ಬಿತ್ತಿ ತಿಂಗಳಾಗಿರುತ್ತದೆ, ಒಂದು ಹದ ಮಳೆ ಬಿದ್ದರೆ ಸಾಕು, ಮೇಲುಗೊಬ್ಬರಕ್ಕೆ ಎಲ್ಲರೂ ಒಂದೇ ದಿನ ಬಂದು ನಿಲ್ಲುತ್ತಾರೆ. ಸಗಟು ವ್ಯಾಪಾರಿ ಹಣ ಜಮಾ ಆಗದೆ ಲೋಡು ಬಿಡುವುದಿಲ್ಲ. 200 ಚೀಲ ಯೂರಿಯಾಕ್ಕೆ ಸುಮಾರು 50,000 ರೂಪಾಯಿ ಬೇಕು. ಅದು ಗಲ್ಲಾದಲ್ಲಿ ಇಲ್ಲದಿದ್ದರೆ ರೋಖ ಹಿಡಿದು ಬಂದ ರೈತ ಪಕ್ಕದ ಅಂಗಡಿಗೆ ಹೋಗುತ್ತಾನೆ. ಉದ್ರಿಯವರನ್ನು ಉಳಿಸಿಕೊಳ್ಳಲು ಹೋಗಿ ರೋಖದವರನ್ನು ಕಳೆದುಕೊಳ್ಳುವುದೆಂದರೆ ಇದೇ. ಹಾಗೆ ಹೋದವರು ಮುಂದಿನ ವರ್ಷ ಬೀಜವನ್ನೂ ಅಲ್ಲೇ ಕೊಳ್ಳುತ್ತಾರೆ.

ಆದ್ದರಿಂದ ಉದ್ರಿಯ ಗಡಿಯನ್ನು ಹಿಂದಿನಿಂದ ಹಾಕಿಕೊಂಡು ಬಾ. ಜುಲೈ, ಆಗಸ್ಟ್‌ನ ಯೂರಿಯಾಕ್ಕೆ ಬೇಕಾಗುವ ಹಣ, ಲಾರಿ ಬಾಡಿಗೆ, ಹಮಾಲಿ, ತೆರಿಗೆ, ಬ್ಯಾಂಕಿನ ಬಡ್ಡಿ, ಮನೆಖರ್ಚು ಮೊದಲು ಎತ್ತಿಡು. ಉಳಿದದ್ದೆಷ್ಟೋ ಅಷ್ಟೇ ಈ ಹಂಗಾಮಿನ ಉದ್ರಿ. ಅದನ್ನು ಒಂದು ಹಾಳೆಯಲ್ಲಿ ಬರೆದು ಕಿರ್ದಿಯ ಮೊದಲ ಪುಟಕ್ಕೆ ಅಂಟಿಸು. ರಾತ್ರಿ ಅಂಗಡಿ ಮುಚ್ಚುವಾಗ ಶಿಲ್ಕು ಎಣಿಸುವಂತೆ, ಉದ್ರಿಯ ಒಟ್ಟು ಎಲ್ಲಿಗೆ ಬಂತು ಎಂದೂ ನೋಡು. ಗಡಿ ಮುಟ್ಟಿದ ಮೇಲೆ ಬಂದವರಿಗೆ, ಅವರು ಸೋದರಮಾವನೇ ಆಗಿರಲಿ, ಅರ್ಧವಾದರೂ ರೋಖ ಕೇಳು.

ಯಾರ ಬಾಕಿ ಕೆಡುತ್ತದೆ ಎಂಬುದು ಸಾಮಾನ್ಯವಾಗಿ ಮೊದಲೇ ಗೊತ್ತಾಗುತ್ತದೆ. ಪ್ರತಿ ಖಾತೆಯ ಮೇಲೆ ಆ ರೈತನ ಎಕರೆ ಬರೆದಿಡು. ನಾಲ್ಕು ಎಕರೆಯವನು ಹತ್ತು ಚೀಲ ಡಿಎಪಿ ಉದ್ರಿ ಕೇಳಿದರೆ ಅಷ್ಟೂ ಅವನ ಹೊಲಕ್ಕೆ ಹೋಗುವುದು ಅನುಮಾನ. ಬೇರೆಯವರಿಗೆ ಮಾರಿ ಕೈಗಡ ತೀರಿಸುತ್ತಿರಬಹುದು. 2,000 ಜಮಾ ಮಾಡಿ ಅದೇ ಕೈಯಲ್ಲಿ 8,000 ಮಾಲು ಎತ್ತುವವನ ಬಾಕಿ ಇಳಿಯುತ್ತಿಲ್ಲ, ಏರುತ್ತಿದೆ. ಯಾವಾಗಲೂ ತಾನೇ ಬರುತ್ತಿದ್ದವನು ಹುಡುಗನ ಕೈಯಲ್ಲಿ ಚೀಟಿ ಕಳಿಸಲು ತೊಡಗಿದರೆ ಒಮ್ಮೆ ಅವನ ಮನೆಗೆ ಹೋಗಿ ಬಾ. ಪ್ರತಿ ವರ್ಷ ಒಂದೇ ದಲಾಲಿ ಅಂಗಡಿಗೆ ಮಾಲು ಹಾಕುತ್ತಿದ್ದವನು ಈ ಸಲ ಬೇರೆ ಊರಿನ ಮಾರ್ಕೆಟ್ಟಿಗೆ ಒಯ್ದನೆಂದು ಕೇಳಿದರೆ ಅಂದೇ ಹೋಗು.

ಬರೀ ನಮ್ಮ ಖಾತೆ ಪುಸ್ತಕದಲ್ಲಿ ಬರೆದುಕೊಂಡದ್ದನ್ನೇ ನಂಬಿ ಕೋರ್ಟು ಸಾಲ ಕೊಡಿಸುವುದಿಲ್ಲ. ಮಾಲು ಕೊಟ್ಟಾಗಲೇ ಬಿಲ್ಲಿನ ಮೇಲೆ ರೈತನ ಸಹಿ ಇರಲಿ. ವಾಯಿದೆ ಗೊತ್ತುಮಾಡದೆ ಕೊಟ್ಟ ಮಾಲಿನ ಹಣಕ್ಕೆ ಮಾಲು ಕೊಟ್ಟ ದಿನದಿಂದ ಮೂರು ವರ್ಷದೊಳಗೆ ದಾವೆ ಹಾಕಬೇಕು, ಆಮೇಲೆ ಕಾಯಿದೆ ಕೈಹಿಡಿಯುವುದಿಲ್ಲ. ಆ ಮೂರು ವರ್ಷ ಮುಗಿಯುವ ಮೊದಲು ‘ಇಷ್ಟು ಬಾಕಿ ಇದೆ’ ಎಂದು ಬರೆಸಿ ತಾರೀಖಿನೊಂದಿಗೆ ಸಹಿ ಮಾಡಿಸಿಕೊಂಡರೆ ಅಲ್ಲಿಂದ ಹೊಸದಾಗಿ ಮೂರು ವರ್ಷ. ಸ್ವಲ್ಪ ಹಣ ಜಮಾ ಮಾಡಿದಾಗಲೂ ಅವನ ಸಹಿ ಬೇಕು. ದೀಪಾವಳಿಯ ಖಾತೆಪೂಜೆಗೆ ಬಂದಾಗ ಎಲೆ-ಅಡಿಕೆ ಕೊಟ್ಟು ಈ ಸಹಿ ಮಾಡಿಸಿಕೊಂಡರೆ ಯಾರಿಗೂ ಬೇಸರವಾಗುವುದಿಲ್ಲ.

ಕಾಯಿದೆಯಿಂದ ಬಗೆಹರಿಯದ ವರ್ಷಗಳೂ ಬರುತ್ತವೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಮಳೆ ಹೋದರೆ ನಮ್ಮ ಉದ್ರಿ ಒಂದೊಂದಾಗಿ ಕೆಡುವುದಿಲ್ಲ, ಊರಿಗೆ ಊರೇ ಒಟ್ಟಿಗೆ ನಿಲ್ಲುತ್ತದೆ. ಅಂಥ ವರ್ಷ ಬಾಗಿಲಿಗೆ ಹೋಗಿ ನಿಂತು ರೈತನ ಮಾನ ತೆಗೆಯಬೇಡ. ಕೊಡಲಾರದವನು ಬೇರೆ, ಕೊಡದವನು ಬೇರೆ. ಕೊಡಲಾರದವನ ಹಳೇ ಬಾಕಿಯನ್ನು ಬರೆಸಿಕೊಂಡು ಬದಿಗಿಡು, ಮುಂದಿನ ಮುಂಗಾರಿಗೆ ಬೀಜ ಕೊಡು. ಗೊಬ್ಬರಕ್ಕೆ ಮಾತ್ರ ಅರ್ಧ ರೋಖ ತೆಗೆದುಕೋ. ಹೊಲ ಬಿತ್ತಿದರೆ ತಾನೇ ಹಳೆಯದೂ ಬರುವುದು. ಹಾಗೆ ಮಾಡುವ ಶಕ್ತಿ ನಮಗಿರಬೇಕಾದರೆ ಒಳ್ಳೆಯ ವರ್ಷದ ಲಾಭದಲ್ಲಿ ಒಂದು ಪಾಲು ಮುಟ್ಟದೆ ಇಟ್ಟಿರಬೇಕು. ಆ ಹಣ ಬೇರೆ ಬ್ಯಾಂಕ್ ಖಾತೆಯಲ್ಲಿದೆ, ಪಾಸ್‌ಬುಕ್ಕು ಕಪಾಟಿನ ಮೇಲಿನ ಖಾನೆಯಲ್ಲಿದೆ. ಅದರಿಂದ ಮದುವೆ-ಮುಂಜಿಗೆ ತೆಗೆಯಬೇಡ.

ಬಾಕಿ ಉಳಿಸಿಕೊಂಡವರ ಪಟ್ಟಿ ಈ ಕಾಗದದ ಜೊತೆಗಿದೆ, ಹಳೆಯದು ಮೇಲೆ, ಹೊಸದು ಕೆಳಗೆ. ಮೇಲಿನ ಮೂವರ ಮೂರು ವರ್ಷ ಈ ಆಗಸ್ಟ್‌ಗೆ ಮುಗಿಯುತ್ತದೆ. ಬಿತ್ತನೆಯ ಗಡಿಬಿಡಿ ಶುರುವಾಗುವ ಮೊದಲೇ ಅವರ ಊರಿಗೆ ಹೋಗಿ ಸಹಿ ಮಾಡಿಸಿಕೊಂಡು ಬಾ.

ಇತಿ ನಿನ್ನ ಅಪ್ಪ